ಏಳನೇ ಪುಟದ ಕೆಳಗಡೆ

ಕಲಾಸಂಘದ ಕಾರ್ಯದರ್ಶಿ ಆ ಹಾಳೆಯನ್ನು ಮೇಜಿನ ಮೇಲಿಟ್ಟ ರೀತಿಯೇ ಪ್ರೂಫಮ್ಮನಿಗೆ ಹಿಡಿಸಲಿಲ್ಲ. ಬೇರೆ ದಿನವಾಗಿದ್ದರೆ ಮೆಟ್ಟಿಲು ಹತ್ತುವಾಗಲೇ "ಮೇಡಂ, ಬಂದೆ" ಎಂದು ಕೂಗಿ, ಕುರ್ಚಿ ಎಳೆದು ಕೂತು, ಅರ್ಧ ಗಂಟೆ ಹರಟಿ ಹೋಗುವ ಮನುಷ್ಯ. ಇವತ್ತು ಸದ್ದಿಲ್ಲದೆ ಬಂದವನು ಕೂರಲೂ ಇಲ್ಲ.

"ಸರ್ವಸದಸ್ಯರ ಸಭೆ ನೋಟೀಸು. ಈ ತಿಂಗಳ ಪತ್ರಿಕೇಲಿ ಹಾಕ್ಬೇಕು."

"ಹಾಕೋಣ. ಮೊದಲನೇ ಪುಟದಲ್ಲೇ..."

"ಬೇಡ, ಬೇಡ. ಏಳನೇ ಪುಟದಲ್ಲಿ ಹಾಕಿ. ಕೆಳಗಡೆ. ಜಾಗ ಎಷ್ಟಿದ್ಯೋ ಅಷ್ಟರಲ್ಲಿ" ಅಂದವನೇ, ತನ್ನ ಔಷಧಿ ಅಂಗಡಿ ಬಾಗಿಲು ತೆಗೆಯುವ ಹೊತ್ತಾಯಿತು ಎಂದು ಮೆಟ್ಟಿಲಿಳಿದುಬಿಟ್ಟ.

ಪ್ರೂಫಮ್ಮ ಎಂದು ಅವಳಿಗೆ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಮೂವತ್ತೊಂದು ವರ್ಷ ಒಂದು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿದವಳು. ಕೆಂಪು ಪೆನ್ನು ಕೆಳಗಿಟ್ಟರೂ ಅನುಮಾನ ಕೆಳಗಿಟ್ಟವಳಲ್ಲ. ಹಾಲಿನವನು ನಕ್ಕರೆ ಹಾಲಿಗೆ ನೀರು ಬೆರೆಸಿದ್ದಾನೆ ಅನ್ನುತ್ತಾಳೆ, ನಗದಿದ್ದರೆ ಜಾಸ್ತಿಯೇ ಬೆರೆಸಿದ್ದಾನೆ ಅನ್ನುತ್ತಾಳೆ. ನಿವೃತ್ತಿಯಾದ ಮೇಲೆ ಆರು ವರ್ಷದಿಂದ ಕಲಾಸಂಘದ ತಿಂಗಳ ಪತ್ರಿಕೆ ಅವಳ ಕೈಯಲ್ಲೇ ಇತ್ತು. ಎಂಟು ಪುಟ, ಇನ್ನೂರ ಹನ್ನೆರಡು ಸದಸ್ಯರು. ಈ ಆರು ವರ್ಷದಲ್ಲಿ ಯಾವುದನ್ನು ಯಾವ ಪುಟದಲ್ಲಿ ಹಾಕಬೇಕು ಎಂದು ಕಾರ್ಯದರ್ಶಿ ಒಂದು ದಿನವೂ ಬಾಯಿಬಿಟ್ಟಿರಲಿಲ್ಲ. ಈಗ ಪುಟ ಅಷ್ಟೇ ಅಲ್ಲ, ಮೇಲೋ ಕೆಳಗೋ ಎನ್ನುವುದನ್ನೂ ಹೇಳಿ ಹೋಗಿದ್ದ.

ಹಾಳೆಯನ್ನು ಎರಡು ಸಲ ಓದಿದಳು. ದಿನಾಂಕ, ವೇಳೆ, ಸ್ಥಳ. ಒಂದನೇ ವಿಷಯ, ಎರಡನೇದು, ಮೂರನೇದು, ಎಲ್ಲ ಪ್ರತಿ ವರ್ಷದವೇ. ನಾಲ್ಕನೇದು: "ಹಿಂದಿನ ಕೋಣೆಯ ಬಳಕೆಯನ್ನು ಬದಲಾಯಿಸುವ ಬಗ್ಗೆ ನಿರ್ಧಾರ."

ಸಂಘಕ್ಕೆ ಇರುವುದೇ ದರ್ಜಿ ಅಂಗಡಿಯ ಮೇಲೆ ಸಭೆ ನಡೆಸುವ ಒಂದು ಹಾಲು, ಒಂದು ಹಿಂದಿನ ಕೋಣೆ. ಆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಕ್ಕ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಾಳೆ. ಅಕ್ಕ ಎಂದರೆ ಪ್ರೂಫಮ್ಮನ ಒಡಹುಟ್ಟಿದ ಅಕ್ಕ. ಇಬ್ಬರೂ ಒಂದೇ ಮನೆಯಲ್ಲಿರುವವರು, ಒಬ್ಬರಿಗೊಬ್ಬರು ಬಿಟ್ಟರೆ ಬೇರೆ ಯಾರೂ ಇಲ್ಲದವರು. ಸರ್ವಸದಸ್ಯರ ಸಭೆಯೇ ಆ ಕೋಣೆಯನ್ನು ಅವಳ ಪಾಠಕ್ಕೆಂದು ಕೊಟ್ಟಿತ್ತು. ಹಾಗಾಗಿ ಕಿತ್ತುಕೊಳ್ಳಬೇಕಾದರೂ ಸಭೆಯೇ ಆಗಬೇಕು.

ನಿಯಮಗಳು ಪ್ರೂಫಮ್ಮನಿಗೆ ಬಾಯಿಪಾಠ, ಅವನ್ನು ತಿದ್ದಿದವಳೂ ಅವಳೇ. ಸಭೆಗೆ ಇಪ್ಪತ್ತೊಂದು ದಿನ ಮೊದಲು ನೋಟೀಸು ಪತ್ರಿಕೆಯಲ್ಲಿ ಬರಬೇಕು. ನೋಟೀಸಿನ ಮಾತು ಕಾರ್ಯದರ್ಶಿಯದು, ಸಂಪಾದಕರು ಒಂದಕ್ಷರ ಕೂಡಿಸುವಂತಿಲ್ಲ, ಕಳೆಯುವಂತಿಲ್ಲ. ಸಭೆಗೆ ನಲವತ್ತು ಜನ ಸೇರಬೇಕು. ಸೇರದಿದ್ದರೆ ಅರ್ಧ ಗಂಟೆ ಕಾದು, ಬಂದಷ್ಟು ಜನವೇ ತೀರ್ಮಾನ ಮಾಡಬಹುದು. ಹೋದ ವರ್ಷ ಬಂದದ್ದು ಹದಿನೆಂಟು ಜನ, ಅದರಲ್ಲಿ ಒಂಬತ್ತು ಜನ ಸಮಿತಿಯವರು. ಅಂದರೆ ನೋಟೀಸು ಅಚ್ಚಾಗಬೇಕು, ಆದರೆ ಯಾರ ಕಣ್ಣಿಗೂ ಬೀಳಬಾರದು. ಅಯ್ಯಾ ಮಹರಾಯ, ಮಾತ್ರೆ ಪೊಟ್ಟಣ ಕಟ್ಟಿ ಕಟ್ಟಿ ಇಂಥ ಬುದ್ಧಿ ಬಂತೇ ನಿನಗೆ ಎಂದು ಖಾಲಿ ಮೆಟ್ಟಿಲನ್ನು ನೋಡಿ ಹಲ್ಲು ಕಡಿದಳು.

ಮನೆಗೆ ಬಂದಾಗ ಅಕ್ಕ ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತು ಪಾತ್ರೆ ಒರೆಸುತ್ತಿದ್ದಳು.

"ಅಕ್ಕಾ, ನಿನ್ನ ಕೋಣೆ ವಿಷಯ ಯಾರಾದ್ರೂ ಏನಾದ್ರೂ ಅಂದ್ರಾ?"

ಅಕ್ಕ ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಇನ್ನೊಂದು ಸುತ್ತು ಒರೆಸಿದಳು. ಇತ್ತೀಚೆಗೆ ಇವಳದು ಇದೇ ವರಸೆ. ಕೇಳಿದ್ದಕ್ಕೆ ಅರ್ಧ ಸಲ ಉತ್ತರವಿಲ್ಲ, ಉಳಿದರ್ಧ ಸಲ ಕೇಳದ್ದಕ್ಕೆ ಉತ್ತರ. ವಯಸ್ಸಾದಂತೆ ಗುಮ್ಮನಗುಸುಕಿ ಆಗುತ್ತಿದ್ದಾಳೆ ಎಂದುಕೊಂಡು ಪ್ರೂಫಮ್ಮ ಬಾಯಿ ಮುಚ್ಚಿಕೊಂಡಳು.

ಮರುದಿನ ಬೆಳಿಗ್ಗೆ ಅವಳ ತಲೆಯಲ್ಲಿ ಒಂದೇ ಪ್ರಶ್ನೆ: ಏಳನೇ ಪುಟವೇ ಯಾಕೆ? ಕಪಾಟಿನಲ್ಲಿ ಮಿಕ್ಕಿದ್ದ ಹೋದ ತಿಂಗಳ ಪ್ರತಿಯೊಂದನ್ನು ತೆಗೆದಳು. ನಿಜ ಹೇಳಬೇಕೆಂದರೆ ಅಚ್ಚಾಗಿ ಬಂದ ಪತ್ರಿಕೆಯನ್ನು ಅವಳು ಬಿಡಿಸುವುದೇ ಇಲ್ಲ. ಮೂರು ಸಲ ಪ್ರೂಫ್ ನೋಡಿದ ಮೇಲೂ ಎಲ್ಲಾದರೂ ತಪ್ಪು ಉಳಿದಿದ್ದರೆ ಎಂಬ ಭಯ. ಈಗ ಬಿಡಿಸಲು ಹೋದರೆ ಏಳನೇ ಪುಟ ಬಿಡಿಸಿಕೊಳ್ಳಲೇ ಇಲ್ಲ.

ಮೇಲಿನ ಅಂಚು ಕತ್ತರಿಸಿರಲಿಲ್ಲ. ಪತ್ರಿಕೆ ಎಂದರೆ ಒಂದೇ ದೊಡ್ಡ ಹಾಳೆ. ಅದನ್ನು ಎರಡು ಸಲ ಮಡಿಚಿದರೆ ಎಂಟು ಪುಟ. ಮಡಿಚಿದ ಮೇಲೆ ಮೇಲಿನ ಅಂಚನ್ನು ಕತ್ತರಿಸದಿದ್ದರೆ ಒಂದು, ನಾಲ್ಕು, ಐದು, ಎಂಟು ಕಾಣುತ್ತವೆ. ಎರಡು–ಮೂರು, ಆರು–ಏಳು ಮುಚ್ಚಿದ ಜೇಬಿನ ಹಾಗೆ ಒಳಗೇ ಉಳಿಯುತ್ತವೆ. ಇನ್ನೊಂದು ಪ್ರತಿ ತೆಗೆದಳು, ಅದೂ ಹಾಗೇ. ಹತ್ತಕ್ಕೆ ಹತ್ತೂ ಹಾಗೇ.

ಮುದ್ರಣಾಲಯಕ್ಕೆ ಓಡಿದಳು. ಪ್ರೆಸ್ಸಿನವನು ತಲೆ ಕೆರೆದುಕೊಂಡ.

"ಅಯ್ಯೋ, ಹೌದಲ್ಲಮ್ಮ! ಆವತ್ತು ಕಟಿಂಗ್ ಮಷಿನ್ ಬ್ಲೇಡು ಸಾಣೆಗೆ ಹೋಗಿತ್ತು. ಮಡಚಿದ್ದು ಮಡಚಿದ ಹಾಗೇ ಬಂದ್ಬಿಟ್ಟಿದೆ."

"ಇನ್ನೂರ ಹನ್ನೆರಡೂ?"

"ಎಲ್ಲಾನೂ. ಆದ್ರೆ ಒಬ್ರೂ ಫೋನ್ ಮಾಡ್ಲಿಲ್ವಲ್ಲಮ್ಮ. ಚೆನ್ನಾಗೇ ಬಂದಿದೆ ಅಂದ್ಕೊಂಡೆ."

ಆ ಮಾತು ಅವಳಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಒಬ್ಬರೂ ಫೋನ್ ಮಾಡಲಿಲ್ಲ! ಅರ್ಧ ಪತ್ರಿಕೆ ಬೀಗ ಹಾಕಿಕೊಂಡು ಮನೆಮನೆಗೆ ಹೋಗಿದೆ, ಬೀಗ ಇದೆ ಎಂದೇ ಯಾರಿಗೂ ಗೊತ್ತಾಗಿಲ್ಲ. ಆದರೆ ಯಾರೋ ಒಬ್ಬರಿಗೆ ಗೊತ್ತಾಗಿದೆ. ಅದಕ್ಕೇ ಏಳನೇ ಪುಟ!

ಅವತ್ತೇ ಹೊರಟಳು. ಪ್ರತಿ ಮನೆಯಲ್ಲೂ ಒಂದೇ ನೆಪ: "ಹೋದ ತಿಂಗಳ ಪ್ರತಿ ಒಂದು ಬೇಕಾಗಿತ್ತು, ನಿಮ್ಮದು ಇದ್ಯಾ?" ಕೆಳಗಿನ ದರ್ಜಿಯ ಹತ್ತಿರ ಅದು ಗುಂಡಿಗಳ ಡಬ್ಬಿಯ ಕೆಳಗಿತ್ತು. ಅಂಚು ಹಾಗೇ ಇತ್ತು. "ನಾಟಕದ ಫೋಟೋ ನೋಡ್ದೆ. ನಾನು ಹೊಲಿದ ಕೋಟು ಬಂದಿದ್ಯಾ ಅಂತ" ಎಂದ. ನಿವೃತ್ತ ಮೇಷ್ಟರು ಧಾರಾಳವಾಗಿ "ಆದಿಯಿಂದ ಅಂತ್ಯದ ತನಕ ಓದ್ತೀನಮ್ಮ, ಬಹಳ ಸೊಗಸಾಗಿದೆ" ಎಂದು ಹೊಗಳಿ, ಅಂಚು ಕತ್ತರಿಸದ ಪ್ರತಿಯನ್ನೇ ಕೈಗಿಟ್ಟರು. ದಂತವೈದ್ಯೆಯ ಕಾಯುವ ಕೋಣೆಯಲ್ಲಿ ಅವಳೇ ಕೂತು ಅರ್ಧ ಗಂಟೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಎತ್ತಿಕೊಂಡವರು ಮೊದಲು ಫೋಟೋದಲ್ಲಿ ಗುರುತಿನವರನ್ನು ಹುಡುಕುತ್ತಿದ್ದರು. ಆಮೇಲೆ ಯಾರು ತೀರಿಕೊಂಡರು ಎಂದು ಹುಡುಕುತ್ತಿದ್ದರು. ಅದು ಮೊದಲ ಪುಟದ ಮೂಲೆಯಲ್ಲೇ ಸಿಕ್ಕಿಬಿಡುತ್ತಿತ್ತು. ಪಕ್ಕದಲ್ಲೇ ಶುರುವಾಗುವ "ಅಧ್ಯಕ್ಷರ ನುಡಿ" ಕಂಡದ್ದೇ ತಡ, ಪತ್ರಿಕೆ ಕೆಳಗಿಡುತ್ತಿದ್ದರು.

ಕೊನೆಗೆ ಔಷಧಿ ಅಂಗಡಿಗೆ ಬಂದಳು. ಒಳಗೆ ಕಾಲಿಡುವಷ್ಟರಲ್ಲಿ ಗಾಜಿನ ಆಚೆ ಕಂಡದ್ದಕ್ಕೆ ಅಲ್ಲೇ ನಿಂತಳು. ಒಳಗಿದ್ದವಳು ಅಕ್ಕ. ಕಾರ್ಯದರ್ಶಿ ಒಂದು ಚೀಟಿಯಲ್ಲಿ ಏನೋ ಬರೆದು ಅವಳ ಕಡೆ ತಳ್ಳಿದ. ಅಕ್ಕ ಓದಿ ತಲೆಯಾಡಿಸಿದಳು. ಅವನು ಮತ್ತೊಂದು ಸಾಲು ಬರೆದ. ಅಕ್ಕ ಕೈ ಅಡ್ಡ ಆಡಿಸಿ "ಬೇಡ" ಎನ್ನುವ ಹಾಗೆ ಮಾಡಿ, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು. ಇಬ್ಬರ ಬಾಯಿಂದಲೂ ಮಾತೇ ಇಲ್ಲ! ಪಕ್ಕದವರಿಗೆ ಕೇಳಿಸಬಾರದ ಮಾತು ಅದೇನಿರಬಹುದು?

ಪ್ರೂಫಮ್ಮ ಪಕ್ಕದ ಅಂಗಡಿಯ ಮರೆಗೆ ಸರಿದು ಅಕ್ಕ ಹೋಗುವ ತನಕ ಕಾದಳು. ಆಮೇಲೆ ಒಳಗೆ ಹೋಗಿ ನೋಡಿದರೆ ಕಾರ್ಯದರ್ಶಿಯ ಪ್ರತಿಯೂ ಅಂಚು ಕತ್ತರಿಸದ್ದೇ. ಹಾಗಾದರೆ ಇವನಿಗೆ ಏಳನೇ ಪುಟದ ಗುಟ್ಟು ಹೇಳಿದವರು ಯಾರು?

ಉತ್ತರ ಮನೆಯಲ್ಲೇ ಇತ್ತು. ಅಕ್ಕನ ಹಾಸಿಗೆಯ ಪಕ್ಕದ ಹಲಗೆಯ ಮೇಲೆ ಆರು ವರ್ಷದ ಪತ್ರಿಕೆಗಳು ತಿಂಗಳ ಪ್ರಕಾರ ಜೋಡಿಸಿದ್ದವು. ಎಲ್ಲಕ್ಕಿಂತ ಮೇಲಿನದರ ಅಂಚನ್ನು ಚೂರಿಯಿಂದ ನಯವಾಗಿ ಸೀಳಲಾಗಿತ್ತು. ಅವಳು ನೋಡಿದ ಪ್ರತಿಗಳಲ್ಲಿ ತೆರೆದ ಪ್ರತಿ ಇದೊಂದೇ.

ಆ ರಾತ್ರಿ ಊಟಕ್ಕೆ ಕೂತಾಗ ಅಕ್ಕನ ಮುಖವನ್ನೇ ನೋಡಿದಳು. ಅಕ್ಕ ನಕ್ಕಳು, ಇವಳು ನಗಲಿಲ್ಲ. ಏನೋ ಆಸೆ ತೋರಿಸಿಯೋ ಹೆದರಿಸಿಯೋ ಇವಳ ಬಾಯಿಗೆ ಬೀಗ ಹಾಕಿದ್ದಾರೆ ಎನ್ನುವುದು ಅವಳಿಗೆ ಖಾತ್ರಿಯಾಗಿತ್ತು. ಕೇಳಿದರೆ ಇವಳು ಹೇಳುವುದಿಲ್ಲ. ಸರಿ, ಕೇಳುವುದೇ ಬೇಡ. ಏಳನೇ ಪುಟ ತಾನೇ ಬೇಕು? ಏಳನೇ ಪುಟದಲ್ಲೇ ಹಾಕುತ್ತೇನೆ. ಊರಿಗೆ ಊರೇ ಏಳನೇ ಪುಟಕ್ಕೆ ಬರುವ ಹಾಗೆ ಮಾಡುತ್ತೇನೆ.

ಹತ್ತು ದಿನ ಅವಳು ಬೇರೆ ಕೆಲಸ ಮುಟ್ಟಲಿಲ್ಲ. ಮೊದಲು ಎಂಟು ಬಿಳಿ ಹಾಳೆ ಗೋಡೆಗೆ ಅಂಟಿಸಿ, ಆ ಪುಟದಿಂದ ಓದುವವರು ಯಾಕೆ ಮುಂದೆ ಹೋಗಬೇಕು ಎಂದು ಒಂದೊಂದರ ಕೆಳಗೂ ಬರೆದಳು. ಕಾರಣ ಸಿಗದ ಪುಟವನ್ನು ಒಡೆದು ಮತ್ತೆ ಕಟ್ಟಿದಳು. "ಅಧ್ಯಕ್ಷರ ನುಡಿ" ಎರಡು ಪುಟದಿಂದ ಹತ್ತು ಸಾಲಿಗೆ ಇಳಿದು ನಾಲ್ಕನೇ ಪುಟಕ್ಕೆ ಹೋಯಿತು. ಅಧ್ಯಕ್ಷರು ಫೋನಿನಲ್ಲಿ ಗುರುಗುಟ್ಟಿದರು. "ಹತ್ತೇ ಸಾಲಾದ್ರೆ ಎಲ್ರೂ ಓದ್ತಾರೆ ಸರ್" ಎಂದು ಇವಳು ಬೆಣ್ಣೆ ಹಚ್ಚಿದಳು. ಒಂದು ಪುಟದಲ್ಲಿ ಒಂದೇ ದೊಡ್ಡ ಬರಹ, ಅದರ ಪಕ್ಕ ನಾಲ್ಕೈದು ಸಾಲಿನ ಸಣ್ಣ ಸುದ್ದಿಗಳು. ಪ್ರತಿ ಸುದ್ದಿಯಲ್ಲೂ ಒಬ್ಬರಾದರೂ ಸದಸ್ಯರ ಹೆಸರು. "ವರದಿ", "ಪ್ರಕಟಣೆ" ಎಂಬ ಸತ್ತ ತಲೆಬರಹಗಳನ್ನು ಕಿತ್ತು, ಒಳಗೆ ಏನಿದೆಯೋ ಅದನ್ನೇ ಹೇಳುವ ತಲೆಬರಹ ಕೊಟ್ಟಳು. ನಾಟಕದ ನಡುವೆ ಪರದೆ ಹರಿದುಬಿದ್ದ ಕಥೆಯನ್ನು ದರ್ಜಿಯ ಬಾಯಿಂದಲೇ ಕೇಳಿ ಬರೆದು, ಪರದೆ ಹರಿಯುವ ಹೊತ್ತಿಗೆ ಸರಿಯಾಗಿ ಐದನೇ ಪುಟದ ಕೊನೆಯಲ್ಲಿ ನಿಲ್ಲಿಸಿದಳು. "ಮುಂದೇನಾಯಿತು? ಏಳನೇ ಪುಟ."

ಮೊದಲ ಪುಟಕ್ಕೆ ಒಂದು ಹಳೆಯ ಫೋಟೋ. ಸಂಘದ ಮೊಟ್ಟಮೊದಲ ಕಾರ್ಯಕ್ರಮದ್ದು, ಇಪ್ಪತ್ತಮೂರು ಮುಖ, ಪ್ರತಿ ಮುಖಕ್ಕೂ ಒಂದು ಅಂಕಿ. "ಇವರಲ್ಲಿ ನಿಮ್ಮ ಮನೆಯವರು ಯಾರು? ಹೆಸರುಗಳು ಏಳನೇ ಪುಟದಲ್ಲಿ." ತೀರಿಕೊಂಡವರ ಮತ್ತು ಹೊಸದಾಗಿ ಸೇರಿದವರ ಪಟ್ಟಿಯೂ ಏಳಕ್ಕೇ ಹೋಯಿತು. ಅವುಗಳ ಕೆಳಗೆ, ಸುತ್ತ ನಾಲ್ಕು ಬೆರಳು ಖಾಲಿ ಜಾಗ ಬಿಟ್ಟು, ಗೆರೆಯ ಚೌಕದೊಳಗೆ ನೋಟೀಸು. ಒಂದಕ್ಷರ ಬದಲಿಲ್ಲ, ಅಕ್ಷರದ ಗಾತ್ರವೂ ಉಳಿದದ್ದರಷ್ಟೇ. ಕಣ್ಣು ಅಲ್ಲಿಗೆ ಬಂದ ಮೇಲೆ ಬೇರೆಲ್ಲೂ ಹೋಗುವಂತಿರಲಿಲ್ಲ. ಎಂಟನೇ ಪುಟದಲ್ಲಿ ವಿಳಾಸ, ಫೋನ್ ನಂಬರು ಬಿಟ್ಟು ಇನ್ನೇನೂ ಇಡಲಿಲ್ಲ.

ಈ ಸಲ ಪ್ರೆಸ್ಸಿನಲ್ಲಿ ಕಟಿಂಗ್ ಮಷಿನ್ ಮುಂದೆ ತಾನೇ ನಿಂತು, ಅಂಚು ಕತ್ತರಿಸಿದ ಕಟ್ಟುಗಳಲ್ಲಿ ಒಂದೊಂದು ಪ್ರತಿ ಎಳೆದು ಬಿಡಿಸಿ ನೋಡಿದಳು. "ನನ್ನ ಮೇಲೂ ಅನುಮಾನಾನಾ ಅಮ್ಮಾ?" ಎಂದ ಪ್ರೆಸ್ಸಿನವನಿಗೆ, "ನಿನ್ನ ಬ್ಲೇಡಿನ ಮೇಲೆ" ಎಂದಳು.

ಅಂಚೆಗೆ ಹಾಕಿದ ಮೂರನೇ ದಿನ ಫೋನು ಶುರುವಾಯಿತು. ಹದಿನಾಲ್ಕನೇ ನಂಬರು ನಮ್ಮ ಅತ್ತೆ ಕಣ್ರೀ. ಒಂಬತ್ತನೆಯವರ ಹೆಸರು ತಪ್ಪಾಗಿದೆ, ಅವರು ನಮ್ಮ ದೊಡ್ಡಪ್ಪ. ಹಾರ್ಮೋನಿಯಂ ಮುಂದೆ ಎರಡು ಜಡೆ ಹಾಕಿಕೊಂಡು ಕೂತಿರುವ ಇಪ್ಪತ್ತಮೂರನೇ ಹುಡುಗಿ ನಿಮ್ಮಕ್ಕ ಅಲ್ವಾ? ಫೋನ್ ಇಡುವ ಮೊದಲು ಹೆಚ್ಚುಕಡಿಮೆ ಎಲ್ಲರದೂ ಒಂದೇ ಮಾತು: "ಅದಿರ್ಲಿ, ಹಿಂದಿನ ಕೋಣೆ ಏನ್ ಮಾಡ್ತಾರಂತೆ?"

"ನನಗೇನ್ ಗೊತ್ತು? ಸಭೆಗೆ ಬನ್ನಿ" ಅನ್ನುತ್ತಿದ್ದಳು ಪ್ರೂಫಮ್ಮ. ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಕಾರ್ಯದರ್ಶಿ ಮೆಟ್ಟಿಲನ್ನು ಎರಡೆರಡೇ ಹತ್ತಿ ಬಂದ. ಹಣೆಯ ಮೇಲೆ ಬೆವರು.

"ಮೇಡಂ, ಇದೇನು ಮಾಡಿದ್ರಿ ನೀವು?"

"ಏಳನೇ ಪುಟ ಅಂದ್ರಿ, ಹಾಕ್ದೆ. ಕೆಳಗಡೆ ಅಂದ್ರಿ, ಹಾಕ್ದೆ. ಅಕ್ಷರ ಒಂದೂ ಮುಟ್ಟಿಲ್ಲ."

ಅವನು ಕರ್ಚೀಫು ತೆಗೆದು ಹಣೆ ಒರೆಸಿಕೊಂಡ. "ನಾನು ಮಾತು ಕೊಟ್ಟಿದೀನಿ, ಹೇಳೋ ಹಾಗಿಲ್ಲ" ಎಂದಷ್ಟೇ ಗೊಣಗಿ ಹೋದ. ಯಾರಿಗೆ ಮಾತು ಕೊಟ್ಟಿದ್ದೀಯೋ ಅದನ್ನೇ ಸಭೆಯಲ್ಲಿ ಕೇಳುತ್ತೇನೆ ಇರು ಎಂದುಕೊಂಡಳು ಇವಳು.

ಸಭೆಗೆ ನೂರಾ ಆರು ಜನ ಬಂದರು. ಕುರ್ಚಿ ಸಾಲದೆ ದರ್ಜಿ ತನ್ನ ಅಂಗಡಿಯ ಬೆಂಚು, ಸ್ಟೂಲು ಎಲ್ಲ ಹೊತ್ತು ತಂದ. ಮೇಷ್ಟರು ಪತ್ರಿಕೆಯನ್ನು ಏಳನೇ ಪುಟಕ್ಕೆ ಮಡಿಚಿ ಕೈಯಲ್ಲೇ ಹಿಡಿದಿದ್ದರು. ಬಾಗಿಲಲ್ಲಿ ನಿಂತ ಅಕ್ಕ ಅಷ್ಟು ಜನರನ್ನು ಕಂಡು ಬೆಚ್ಚಿಬಿದ್ದು, ಕಂಬ ಹಿಡಿದುಕೊಂಡಳು. ಪ್ರೂಫಮ್ಮ ಅವಳ ಕೈಹಿಡಿದು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದಳು.

ಮೊದಲ ಮೂರು ವಿಷಯ ಹತ್ತು ನಿಮಿಷದಲ್ಲಿ ಮುಗಿದವು. ಕಾರ್ಯದರ್ಶಿ ನಾಲ್ಕನೆಯದನ್ನು ಓದುತ್ತಿದ್ದಂತೆ ಪ್ರೂಫಮ್ಮ ಎದ್ದು ನಿಂತಳು.

"ಒಂದು ಪ್ರಶ್ನೆ. ಈ ಕೋಣೆ ಯಾರಿಗೆ ಬೇಕಾಗಿದೆ? ಯಾರು ಕೇಳಿದ್ದು? ಯಾರಿಗೂ ಕಾಣದ ಹಾಗೆ ಇದನ್ನ ಏಳನೇ ಪುಟದ ಕೆಳಗಡೆ ಹಾಕು ಅಂತ ನಿಮಗೆ ಹೇಳಿಕೊಟ್ಟಿದ್ದು ಯಾರು? ಎಲ್ಲರೆದುರಿಗೆ ಹೇಳಿ."

"ಹೇಳಿ, ಹೇಳಿ" ಎಂದು ಹಿಂದಿನಿಂದ ಕೂಗು ಬಂತು. ಕಾರ್ಯದರ್ಶಿ ಅಕ್ಕನ ಕಡೆ ನೋಡಿದ. ಅಕ್ಕ ಸಭೆಯಲ್ಲಿ ಎಲ್ಲರೂ ಮಾಡುವ ಹಾಗೆ ಸುಮ್ಮನೆ ಮುಗುಳ್ನಗುತ್ತಾ ಕೂತಿದ್ದಳು. ಅವನು ಜೇಬಿನಿಂದ ಔಷಧಿ ಚೀಟಿಯ ಪುಸ್ತಕ ತೆಗೆದು, ನೂರು ಜನ ನೋಡುತ್ತಿದ್ದಂತೆ ಒಂದು ಸಾಲು ಬರೆದು, ಹರಿದು, ಬಗ್ಗಿ ಅವಳ ಕೈಗೆ ಕೊಟ್ಟ.

ಅಕ್ಕ ಓದಿದಳು. ನಗು ಹೋಯಿತು. ತಂಗಿಯ ಕಡೆ ಒಮ್ಮೆ ನೋಡಿ, ನಿಧಾನವಾಗಿ ಎದ್ದಳು. ಮಾತು ಶುರುಮಾಡಿದಾಗ ಅವಳ ದನಿ ಆ ಹಾಲಿಗೆ ಬೇಕಾದದ್ದಕ್ಕಿಂತ ದೊಡ್ಡದಾಗಿತ್ತು.

"ಕೇಳಿದ್ದು ನಾನೇ. ನನ್ನ ಹೆಸರು ಹಾಕ್ಬೇಡಿ ಅಂತ ಹೇಳಿದ್ದೂ ನಾನೇ. ಒಂದೂವರೆ ವರ್ಷದಿಂದ ನನಗೆ ಕಿವಿ ಕೇಳಿಸ್ತಿಲ್ಲ. ಮೊದಲು ಮೇಲಿನ ಸ್ವರ ಹೋಯ್ತು, ಆಮೇಲೆ ಮಾತು. ಮಕ್ಕಳ ಬಾಯಿ ನೋಡ್ಕೊಂಡು ತಾಳ ಹಾಕ್ತಿದ್ದೆ. ಎರಡು ತಿಂಗಳ ಹಿಂದೆ ಒಂದು ಹುಡುಗಿ ತಪ್ಪು ಹಾಡಿದಾಳೆ, ನಾನು ಭೇಷ್ ಅಂದಿದೀನಿ. ಉಳಿದ ಮಕ್ಕಳು ಮುಖ ಮುಖ ನೋಡ್ಕೊಂಡ್ರು. ಆವತ್ತೇ ಸಾಕು ಅನ್ನಿಸ್ತು."

ಅವಳು ಚೀಟಿಯನ್ನು ಮಡಿಚಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಹದಿನೈದು ಜನ ಬರ್ತಾರೆ, ಕೈ ಎತ್ತುತ್ತಾರೆ, ಮನೆಗೆ ಹೋಗಿ ತಂಗಿಗೆ ಮೆಲ್ಲಗೆ ಹೇಳಿದ್ರಾಯ್ತು ಅಂದ್ಕೊಂಡಿದ್ದೆ. ಹೋದ ತಿಂಗಳ ಪತ್ರಿಕೆ ಅಂಚು ನಾನೇ ಸೀಳ್ಕೊಂಡು ಓದಿದ್ದು. ಒಳಗಿನ ಪುಟ ಮುಚ್ಚಿದೆ ಅಂತ ಒಬ್ರೂ ದೂರಲಿಲ್ಲ, ಅಂದ್ರೆ ಅದನ್ನ ಯಾರೂ ಓದಲ್ಲ. ಅದಕ್ಕೇ ಏಳನೇ ಪುಟದಲ್ಲಿ ಹಾಕ್ಸಿ ಅಂದೆ. ಕೇಳಿಸದೆ ಇರೋಳಿಗೆ ಓದೋದೇ ತಾನೆ ಉಳಿದಿರೋದು. ನಮ್ಮ ಪುಟ್ಟಿ ಬರೆದಿದ್ದನ್ನ ನಾನು ಒಂದಕ್ಷರ ಬಿಡದೆ ಓದ್ತೀನಿ. ನೀವೂ ಓದೋ ಹಾಗೆ ಮಾಡ್ತಾಳೆ ಅಂತ ಮಾತ್ರ ನನಗೆ ಗೊತ್ತಿರ್ಲಿಲ್ಲ."

ಎಲ್ಲೋ ಒಂದು ನಗು ಹುಟ್ಟಿ ಅಲ್ಲೇ ಸತ್ತಿತು. ಪ್ರೂಫಮ್ಮ ನಿಂತೇ ಇದ್ದಳು, ಕೂರಬೇಕೆಂದು ಅವಳಿಗೆ ಹೊಳೆಯಲಿಲ್ಲ. ಬೆನ್ನು ಹಾಕಿ ಪಾತ್ರೆ ಒರೆಸುತ್ತಿದ್ದ ಅಕ್ಕ. ಮಾತಿಲ್ಲದೆ ಓಡಾಡಿದ ಚೀಟಿಗಳು. ಕೇಳದ್ದಕ್ಕೆ ಬಂದ ಉತ್ತರಗಳು. ಗೆರೆ ಕೂದಲೆಳೆಯಷ್ಟು ಸೊಟ್ಟಗಿದ್ದರೆ ಹಿಡಿಯುವ ಕಣ್ಣು, ಒಂದೂವರೆ ವರ್ಷ ಒಂದೇ ಮನೆಯಲ್ಲಿದ್ದು ಏನು ನೋಡುತ್ತಿತ್ತು?

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, "ಹಾಡಿನ ಪಾಠದ ಬದಲು ಆ ಕೋಣೇನ ಓದುಕೋಣೆ ಮಾಡ್ಬೇಕು ಅಂತ ಅವರ ಕೋರಿಕೆ. ಒಪ್ಪಿಗೆ ಇರೋರು ಕೈ ಎತ್ತಿ" ಎಂದ.

ಒಂದೂ ಕೈ ಏಳಲಿಲ್ಲ. "ನೀವು ಸುಮ್ನೆ ಬಂದು ಕೂತಿರಿ ಅಕ್ಕಾ, ಅಷ್ಟೇ ಸಾಕು" ಎಂದು ದಂತವೈದ್ಯೆ ಅಂದಳು. "ಹೌದೌದು, ಕೋಣೆ ನಿಮ್ಮದೇ" ಎಂದರು ಮೇಷ್ಟರು. ಪ್ರೀತಿಯ ಮಾತುಗಳು ನಾಲ್ಕೂ ಕಡೆಯಿಂದ ಬಂದವು. ಅಕ್ಕನಿಗೆ ಅವು ಯಾವುವೂ ಕೇಳಿಸಲಿಲ್ಲ. ಅವಳು ಜನರ ಕೈಗಳನ್ನಷ್ಟೇ ನೋಡುತ್ತಿದ್ದಳು, ಒಂದು ಸಾಲಿನಿಂದ ಇನ್ನೊಂದು ಸಾಲಿಗೆ, ಒಂದು ಕೈಯಾದರೂ ಏಳುತ್ತದೋ ಎಂದು. ಕೊನೆಗೆ ಅವಳ ಕಣ್ಣು ತಂಗಿಯ ಮೇಲೆ ಬಂದು ನಿಂತಿತು.

ಆ ಕೋಣೆ ಉಳಿಸಬೇಕೆಂದು ನೂರಾ ಆರು ಜನರನ್ನು ಸೇರಿಸಿದವಳು, ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ಎತ್ತಿದ ಕೈಯನ್ನು ಕೆಳಗಿಳಿಸಲಿಲ್ಲ. ಆಮೇಲೆ ದರ್ಜಿ ಎತ್ತಿದ, ಮೇಷ್ಟರು ಎತ್ತಿದರು, ಹಿಂದಿನ ಬೆಂಚುಗಳು ಒಂದೊಂದಾಗಿ ಎತ್ತಿದವು. ಅಕ್ಕ ಉಸಿರು ಬಿಟ್ಟು ಕೂತಳು.

ಮನೆಗೆ ಹೋಗುವಾಗ ಇಬ್ಬರೂ ಒಬ್ಬರ ಹಿಂದೆ ಒಬ್ಬರಂತೆ ಕಿರಿದಾದ ಫುಟ್‌ಪಾತಿನ ಮೇಲೆ ನಡೆದರು. ಅಕ್ಕ ಮುಂದೆ, ಇವಳು ಹಿಂದೆ. "ತಪ್ಪಾಯ್ತು ಕಣೇ ಅಕ್ಕಾ. ನಿನ್ನ ಮೇಲೇ ಅನುಮಾನ ಪಟ್ಟೆ" ಎಂದಳು ಪ್ರೂಫಮ್ಮ. ಅಕ್ಕ ಚೀಲವನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿಕೊಂಡು ನಡೆಯುತ್ತಲೇ ಇದ್ದಳು. ಪ್ರೂಫಮ್ಮ ಬಿರಬಿರನೆ ಅವಳನ್ನು ದಾಟಿ, ಎದುರಿಗೆ ಬಂದು ನಿಂತು, ಮುಖವೆತ್ತಿ, ಅದನ್ನೇ ಮತ್ತೊಮ್ಮೆ ನಿಧಾನವಾಗಿ ಹೇಳಿದಳು.